ಉಡದ ಕತ್ತಿನ ಸುಕ್ಕು, ರಿಗ್ ಮಾಡಿದ ಮೇಲೂ ಉಳಿಯಲಿ

ಶಿರಸಿ ಕಡೆ ತೋಟದ ದಣಪೆ ಹತ್ತಿರ ಬಿಸಿಲು ಕಾಯಿಸುವ ಉಡವನ್ನು ನೋಡಿದ್ದೀರಲ್ವಾ? ತಲೆ ತಿರುಗಿಸಿದಾಗ ಅದರ ಕತ್ತಿನ ಒಳಬದಿಯಲ್ಲಿ ದಪ್ಪ ಮಡಿಕೆಗಳು ಬೀಳುತ್ತವೆ. ಆ ಮಡಿಕೆಗಳ ಮೇಲೆ, ಹತ್ತಿರದಿಂದ ನೋಡಿದರೆ ಮಾತ್ರ ಕಾಣುವ ಸಣ್ಣ ಸುಕ್ಕುಗಳು. ಕಾಳಿ ನದಿ ಅಳಿವೆಯ ಕಾಂಡ್ಲಾ ಗಿಡಗಳ ನಡುವೆ ಓಡಾಡುವ, ಎರಡು ಮೀಟರ್ ಉದ್ದದ ಒಂದು ಕಲ್ಪನೆಯ ಪ್ರಾಣಿಯನ್ನು ಬ್ಲೆಂಡರ್‌ನಲ್ಲಿ ಮಾಡುವಾಗ ನಾನು ಅದಕ್ಕೆ ಇದೇ ಕತ್ತು ಕೊಟ್ಟೆ. ಕೆತ್ತಿದ ಆ ಸುಕ್ಕುಗಳನ್ನು, ರಿಗ್ ಮಾಡಿ ಅಂದರೆ ಮೂಳೆ ಜೋಡಿಸಿ ಆಡಿಸುವ ಹಗುರ ಮೆಶ್‌ನ ಮೇಲೂ ಉಳಿಸುವುದು ಹೇಗೆ ಎಂದು ಹೇಳುತ್ತೇನೆ.

ಮೊದಲ ಮೆಶ್‌ನಲ್ಲಿ 30,000 ಮುಖಗಳಿದ್ದವು, ಕತ್ತಿನ ಹತ್ತಿರ ಸ್ವಲ್ಪ ಜಾಸ್ತಿ ದಟ್ಟವಾಗಿ. Multiresolution ಹಾಕಿದರೆ ಪ್ರತಿ ಹಂತಕ್ಕೂ ಮುಖಗಳು ನಾಲ್ಕು ಪಟ್ಟಾಗುತ್ತವೆ. ನಾಲ್ಕನೇ ಹಂತಕ್ಕೆ ಸುಮಾರು 77 ಲಕ್ಷ. ದಪ್ಪ ಮಡಿಕೆಗಳನ್ನು ಎರಡನೇ ಹಂತದಲ್ಲೇ ಮುಗಿಸಿ, ಸಣ್ಣ ಸುಕ್ಕುಗಳನ್ನು ನಾಲ್ಕನೆಯದರಲ್ಲಿ ಕೆತ್ತಿ. ಕತ್ತು ನೇರವಾಗಿರಲಿ, ಮಡಿಕೆಗಳು ಪೂರ್ತಿ ಮುಚ್ಚದೆ ಅರ್ಧ ತೆರೆದಿರಲಿ. ಇದರ ಉಪಯೋಗ ಮುಂದೆ ಬರುತ್ತದೆ.

ಈಗ ಶಿಲ್ಪದ ಒಂದು ನಕಲು ಮಾಡಿಕೊಳ್ಳಿ. ಮೂಲವನ್ನು ಮುಟ್ಟಬೇಡಿ. ನಕಲಿನಲ್ಲಿ Multiresolution ಅನ್ನು ಅಪ್ಲೈ ಮಾಡಿ, Decimate ಹಾಕಿ, Ratio 0.02 ಕೊಡಿ. ಸುಮಾರು ಮೂರು ಲಕ್ಷ ತ್ರಿಕೋನ ಉಳಿಯುತ್ತದೆ. ಇಲ್ಲಿ ಸಣ್ಣ ಸುಕ್ಕು ಅಳಿಸಿ ಹೋಗುತ್ತದೆ, ಹೋಗಲಿ. ಈ ನಕಲು ಇರುವುದು ಹೊಸ ಮೆಶ್ ಕಟ್ಟುವಾಗ ಕಂಪ್ಯೂಟರ್ ತಡವರಿಸದಿರಲಿ ಎಂದು, ಅಷ್ಟೇ. ಮೊದಲ ಸಲ ನಾನು ಸುಕ್ಕುಗಳನ್ನೂ ಇದರಿಂದಲೇ ಬೇಕ್ ಮಾಡಿದ್ದೆ, ಅಂದರೆ ಹೊಸ ಮೆಶ್‌ಗೆ ಹೊದಿಸುವ ಚಿತ್ರಕ್ಕೆ ಇಳಿಸಿದ್ದೆ. ಕತ್ತಿನ ಮೇಲೆ ಸುಕ್ಕಿನ ಬದಲು ಒಡೆದ ಗಾಜಿನಂಥ ತ್ರಿಕೋನಗಳು ಮೂಡಿದವು. ನಿಮಗೂ ಹಾಗೆ ಕಂಡರೆ ಕಾರಣ ಹುಡುಕುವುದೇ ಬೇಡ, ತಪ್ಪು ಮೆಶ್ ಆಯ್ಕೆಯಾಗಿದೆ.

ಇನ್ನು ರೀಟೊಪಾಲಜಿ. ನಕಲಿನ ಮೇಲ್ಮೈಗೆ ಸ್ನ್ಯಾಪ್ ಮಾಡುತ್ತಾ, ನಾಲ್ಕು ಮೂಲೆಯ ಮುಖಗಳಿಂದ ಹೊಸ ಮೆಶ್ ಕಟ್ಟಬೇಕು. ನನ್ನ ಪ್ರಾಣಿಗೆ ಸುಮಾರು 9,000 ಮುಖ ಸಾಕಾಯಿತು. ಯಾವ ಸುಕ್ಕು ಮೆಶ್‌ನಲ್ಲೇ ಇರಬೇಕು, ಯಾವುದು ಚಿತ್ರಕ್ಕೆ ಹೋಗಬೇಕು ಎಂದು ತೀರ್ಮಾನ ಮಾಡುವುದು ಇಲ್ಲೇ. ನನ್ನ ಅಳತೆ ಸರಳ: ಪ್ರಾಣಿಯ ಅಂಚನ್ನು ಪಕ್ಕದಿಂದ ನೋಡಿದಾಗ ಏರಿಳಿತ ಕಂಡರೆ ಅದು ಮೆಶ್‌ನಲ್ಲಿರಬೇಕು. ಏಕೆಂದರೆ ಆ ಚಿತ್ರ, ಅಂದರೆ ನಾರ್ಮಲ್ ಮ್ಯಾಪ್, ಬೆಳಕನ್ನು ಮಾತ್ರ ಬದಲಿಸುತ್ತದೆ, ಅಂಚನ್ನಲ್ಲ. ಹಾಗಾಗಿ ಪ್ರತಿ ದಪ್ಪ ಮಡಿಕೆಗೆ ಮೂರು ಲೂಪ್ ಕೊಟ್ಟೆ: ತಗ್ಗಿನಲ್ಲಿ ಒಂದು, ಎರಡೂ ಏರಿನ ಮೇಲೆ ಒಂದೊಂದು. ಕತ್ತು ಬಾಗಿದಾಗ ತಗ್ಗು ಒಳಗೆ ಸರಿಯುತ್ತದೆ, ಮಡಿಕೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಐದು ಗೆರೆ ಕೂಡುವ ಬಿಂದುಗಳನ್ನು ಕೀಲಿನ ಮೇಲೆ ಬಿಡಬೇಡಿ. ಭುಜದ ಹಿಂದೆ ಸಮತಟ್ಟಾದ ಜಾಗಕ್ಕೆ ತಳ್ಳಿ.

ಸಣ್ಣ ಸುಕ್ಕು ಸಾಮಾನ್ಯವಾಗಿ ಕಳೆದುಹೋಗುವುದು ಯುವಿ ಬಿಡಿಸುವಾಗ, ಅಂದರೆ ಮೆಶ್‌ನ ಮೇಲ್ಮೈಯನ್ನು ತುಂಡು ಮಾಡಿ ಚಿತ್ರದ ಮೇಲೆ ಚಪ್ಪಟೆಯಾಗಿ ಹರಡುವಾಗ. ಲೆಕ್ಕ ನೋಡಿ. ನನ್ನ ಚಿತ್ರ 4096 ಪಿಕ್ಸೆಲ್ ಅಗಲ. ಅದರಲ್ಲಿ 40 ಸೆಂಟಿಮೀಟರ್ ಕತ್ತಿಗೆ ಸಿಕ್ಕಿದ್ದು 1000 ಪಿಕ್ಸೆಲ್, ಅಂದರೆ ಒಂದು ಪಿಕ್ಸೆಲ್‌ಗೆ 0.4 ಮಿಲಿಮೀಟರ್. ಒಂದು ಮಿಲಿಮೀಟರ್ ಸುಕ್ಕಿಗೆ ಎರಡೂವರೆ ಪಿಕ್ಸೆಲ್. ಸುಕ್ಕು ಮಬ್ಬಾಯಿತು. ಹೊಟ್ಟೆ ಮತ್ತು ಪಾದದ ಅಡಿಯ ತುಂಡುಗಳನ್ನು ಚಿಕ್ಕದು ಮಾಡಿ ಕತ್ತಿಗೆ 1600 ಪಿಕ್ಸೆಲ್ ಕೊಟ್ಟೆ. ಆಗ ಸುಕ್ಕಿಗೆ ನಾಲ್ಕು ಪಿಕ್ಸೆಲ್ ಸಿಕ್ಕಿ ಗೆರೆ ಸ್ಪಷ್ಟವಾಯಿತು.

ಬೇಕ್ ಮಾಡುವಾಗ ರೆಂಡರ್ ಎಂಜಿನ್ Cycles, Bake Type Normal ಇರಲಿ. ಮೊದಲು ಮೂಲ ಶಿಲ್ಪ, ಆಮೇಲೆ ಹೊಸ ಮೆಶ್ ಆಯ್ಕೆ ಮಾಡಿ, Selected to Active ಗುರುತು ಹಾಕಿ. Extrusion 0.01 ಮೀಟರ್, ಅಂದರೆ ಒಂದು ಸೆಂಟಿಮೀಟರ್ ಕೊಟ್ಟೆ. ಇದು ಕಡಿಮೆಯಾದರೆ ಉಬ್ಬಿದ ಜಾಗಗಳಲ್ಲಿ ತೇಪೆ ಬೀಳುತ್ತದೆ. ಜಾಸ್ತಿಯಾದರೆ ಒಂದು ಮಡಿಕೆಯ ಕಿರಣ ಪಕ್ಕದ ಮಡಿಕೆಗೆ ಬಡಿದು, ಅದರ ಸುಕ್ಕು ಇಲ್ಲಿ ಮೂಡುತ್ತದೆ. ಮಡಿಕೆಗಳನ್ನು ಅರ್ಧ ತೆರೆದಿಡಿ ಎಂದದ್ದು ಇದಕ್ಕೇ. ಚಿತ್ರದ ಬಣ್ಣದ ಆಯ್ಕೆ Non-Color ಇರಬೇಕು, ಇಲ್ಲದಿದ್ದರೆ ಬೆಳಕು ಎಲ್ಲೆಲ್ಲೋ ಬೀಳುತ್ತದೆ. ಸುಕ್ಕು ತಗ್ಗಾಗುವ ಬದಲು ಉಬ್ಬಿ ಕಂಡರೆ ಹಸಿರು ಚಾನೆಲ್ ತಿರುಗಿದೆ ಎಂದರ್ಥ. ಬ್ಲೆಂಡರ್‌ನಿಂದ ಅನ್‌ರಿಯಲ್‌ಗೆ ಒಯ್ದಾಗ ಹೀಗಾಗುವುದು ಮಾಮೂಲು, ಆ ಚಾನೆಲ್ ಒಂದನ್ನೇ ಮಗುಚಿ.

ಕೊನೆಗೆ ಹೊಸ ಮೆಶ್ ಅನ್ನು ರಿಗ್ ಮಾಡಿ, ಕತ್ತಿನ ಮೂಳೆಯನ್ನು 40 ಡಿಗ್ರಿ ಬಾಗಿಸಿ, ಒಂದೇ ಒಂದು ದೀಪವನ್ನು ಪಕ್ಕದಿಂದ ಸುತ್ತಿಸಿ ನೋಡಿ. ಹೊರಬದಿಯಲ್ಲಿ ಚರ್ಮ ಎಳೆದರೂ ಸಣ್ಣ ಸುಕ್ಕು ಹಾಗೇ ಆಳವಾಗಿ ನಿಂತಿರುತ್ತದೆ. ಬೇಕ್ ಮಾಡಿದ ಚಿತ್ರದ ಮಿತಿ ಇದು. ಕ್ಯಾಮೆರಾ ಅಷ್ಟು ಹತ್ತಿರ ಹೋಗುವುದಾದರೆ, ಸುಕ್ಕು ಸಡಿಲಿಸಿದ ಎರಡನೇ ಮ್ಯಾಪ್ ಒಂದನ್ನು ಮಾಡಿ, ಮೂಳೆ ತಿರುಗಿದಷ್ಟೂ ಅದು ಮೊದಲನೆಯದರ ಜಾಗಕ್ಕೆ ಬರುವಂತೆ ಡ್ರೈವರ್ ಜೋಡಿಸಿ.