50 ಮೀಟರ್ ಫೈಬರ್‌ನಲ್ಲಿ ಪಲ್ಸ್ ಅಗಲವಾಗಿದ್ದನ್ನು ನಾನು ಹೇಗೆ ಹಿಡಿದೆ

ಎರಡು ಬೋರ್ಡ್‌ಗಳು, ನಡುವೆ 50 ಮೀಟರ್ ದೂರ. ದಾರಿಯುದ್ದಕ್ಕೂ ದೊಡ್ಡ ಮೋಟಾರ್‌ಗಳು. ತಾಮ್ರದ ತಂತಿ ಎಳೆದರೆ ನಾಯ್ಸ್ ಕಾಟ ಜಾಸ್ತಿ ಅಂತ 1 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಸ್ಟೆಪ್ ಇಂಡೆಕ್ಸ್ ಫೈಬರ್ ಹಾಕಿದ್ದೆ. ಒಂದು ತುದಿಯಲ್ಲಿ 650 ನ್ಯಾನೋಮೀಟರ್‌ನ ಕೆಂಪು ಎಲ್‌ಇಡಿ, ಇನ್ನೊಂದು ತುದಿಯಲ್ಲಿ ಫೋಟೋಡಯೋಡ್ ರಿಸೀವರ್. ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಒಂದು ತಪ್ಪೂ ಇಲ್ಲದೆ ಓಡುತ್ತಿತ್ತು. ಆಮೇಲೆ 100 ಮೆಗಾಬಿಟ್ ಬೇಕು ಅಂತಾಯಿತು. ಎಲ್‌ಇಡಿಯೂ ರಿಸೀವರೂ ಆ ವೇಗಕ್ಕೆ ಸಾಕಾಗುವಂಥವೇ ಆಗಿದ್ದವು, ಹಾಗಾಗಿ ಕ್ಲಾಕ್ ಏರಿಸಿದೆ. ಲಿಂಕ್ ಪೂರ್ತಿ ಕುಸಿಯಿತು.

ಮೊದಲು ಬಂದ ಯೋಚನೆ ಎಲ್ಲರಿಗೂ ಬರುವುದೇ: ಬೆಳಕು ಸಾಲುತ್ತಿಲ್ಲ. ಈ ಫೈಬರ್ ಮೀಟರಿಗೆ ಸುಮಾರು 0.2 ಡೆಸಿಬೆಲ್ ಬೆಳಕು ತಿನ್ನುತ್ತದೆ, ಅಂದರೆ 50 ಮೀಟರಿಗೆ 10 ಡೆಸಿಬೆಲ್, ತಲುಪುವುದು ಹತ್ತರಲ್ಲಿ ಒಂದು ಪಾಲು. ಎಲ್‌ಇಡಿಗೆ ಕರೆಂಟ್ ಜಾಸ್ತಿ ಕೊಟ್ಟೆ. ತಪ್ಪುಗಳು ಕಡಿಮೆಯಾಗಲಿಲ್ಲ. ತುದಿಗಳನ್ನು ಮತ್ತೆ ಕತ್ತರಿಸಿ ಪಾಲಿಶ್ ಮಾಡಿದೆ. ಆಗಲೂ ಇಲ್ಲ.

ಆಗ ಮಾಡಿದ ಒಂದು ಪರೀಕ್ಷೆಯಿಂದ ವಿಷಯ ಸ್ಪಷ್ಟವಾಯಿತು. 50 ಮೀಟರ್ ತೆಗೆದು ಅದೇ ಫೈಬರ್‌ನ 1 ಮೀಟರ್ ತುಂಡು ಹಾಕಿದೆ. ರಿಸೀವರ್ ಮತ್ತು ತುದಿಯ ನಡುವೆ ಸ್ವಲ್ಪ ಜಾಗ ಬಿಟ್ಟು, 50 ಮೀಟರ್ ಆಚೆ ಎಷ್ಟು ಬೆಳಕು ಸಿಗುತ್ತಿತ್ತೋ ಅಷ್ಟಕ್ಕೇ ತಂದು ನಿಲ್ಲಿಸಿದೆ. 100 ಮೆಗಾಬಿಟ್ ಆರಾಮಾಗಿ ಓಡಿತು! ಅಷ್ಟೇ ಬೆಳಕು, ಅದೇ ಎಲ್‌ಇಡಿ, ಅದೇ ರಿಸೀವರ್. ಬದಲಾಗಿದ್ದು ಉದ್ದ ಒಂದೇ. ಅಂದರೆ ಬೆಳಕಿನ ಪ್ರಮಾಣದಲ್ಲಿ ದೋಷ ಇರಲಿಲ್ಲ, ಅದು ತಲುಪುವ ಸಮಯದಲ್ಲಿತ್ತು. ಫೈಬರ್ ಲಿಂಕ್ ಕೈಕೊಟ್ಟಾಗ ಕರೆಂಟ್ ಏರಿಸುವ ಮೊದಲು ಈ ಪರೀಕ್ಷೆಯನ್ನೇ ಮಾಡಬೇಕು ಅಂತ ಈಗ ನನ್ನ ಖಚಿತ ಅಭಿಪ್ರಾಯ, ಯಾಕಂದ್ರೆ ಕರೆಂಟ್ ಏರಿಸಿದರೆ ಹರಡಿಕೊಂಡ ಪಲ್ಸ್ ಇನ್ನಷ್ಟು ಎತ್ತರವಾಗುತ್ತದೆಯೇ ಹೊರತು ಕಿರಿದಾಗುವುದಿಲ್ಲ.

ಯಾವ ಬಿಟ್‌ಗಳು ತಪ್ಪುತ್ತಿವೆ ಅಂತಲೂ ನೋಡಿದೆ. ಸಾಲಾಗಿ ಸೊನ್ನೆಗಳು ಅಥವಾ ಸಾಲಾಗಿ ಒಂದುಗಳು ಬಂದರೆ ಸರಿಯಾಗಿ ಓದುತ್ತಿತ್ತು. ಸೊನ್ನೆಗಳ ಮಧ್ಯೆ ಒಂಟಿಯಾಗಿ ಒಂದು `1` ಬಂದರೆ ಅದು ಕಾಣೆಯಾಗುತ್ತಿತ್ತು. ಆಸಿಲೋಸ್ಕೋಪ್‌ನಲ್ಲಿ ಆ ಒಂಟಿ ಬಿಟ್ ಗುಡ್ಡದಂತೆ ಕುಗ್ಗಿ, ಎರಡೂ ಪಕ್ಕದ ಬಿಟ್‌ಗಳ ಜಾಗಕ್ಕೆ ಕಾಲು ಚಾಚಿಕೊಂಡಿತ್ತು.

ಈಗ ಕಾರಣಕ್ಕೆ ಬರೋಣ. ಸ್ಟೆಪ್ ಇಂಡೆಕ್ಸ್ ಅಂದರೆ ಕೋರ್ ಪೂರ್ತಿ ಒಂದೇ ವಕ್ರೀಭವನಾಂಕ, ಅದರ ಸುತ್ತ ಕ್ಲ್ಯಾಡಿಂಗ್, ಅಲ್ಲಿ ಥಟ್ಟನೆ ಕಡಿಮೆ. ನನ್ನ ಫೈಬರ್‌ನಲ್ಲಿ ಕೋರ್ 1.49, ಕ್ಲ್ಯಾಡಿಂಗ್ 1.40. ಎಲ್‌ಇಡಿಯಿಂದ ಕಿರಣಗಳು ಎಲ್ಲ ಕೋನಗಳಲ್ಲೂ ಒಳಗೆ ನುಗ್ಗುತ್ತವೆ. ಕೆಲವು ನೆಟ್ಟಗೆ ನಡುವಿನಲ್ಲೇ ಹೋಗುತ್ತವೆ. ಕೆಲವು ಗೋಡೆಯಿಂದ ಗೋಡೆಗೆ ಬಡಿದು ಪುಟಿಯುತ್ತಾ ಅಂಕುಡೊಂಕಾಗಿ ಹೋಗುತ್ತವೆ. ಕೋರ್ ಒಳಗೆ ಎಲ್ಲಕ್ಕೂ ಒಂದೇ ವೇಗ, ಆದ್ದರಿಂದ ದಾರಿ ಉದ್ದವಾದವು ತಡವಾಗಿ ಬರುತ್ತವೆ. ಇದಕ್ಕಿಂತ ಹೆಚ್ಚಿನ ಗುಟ್ಟು ಇದರಲ್ಲಿ ಏನೂ ಇಲ್ಲ.

ಎಷ್ಟು ತಡ? ಕ್ಲ್ಯಾಡಿಂಗ್‌ನೊಳಗೆ ಸೋರಿಹೋಗದೆ ಉಳಿಯುವ ಅತಿ ಓರೆ ಕಿರಣ ಈ ಫೈಬರ್‌ನಲ್ಲಿ ಅಕ್ಷಕ್ಕೆ ಸುಮಾರು 20 ಡಿಗ್ರಿ ಓರೆಯಾಗಿರುತ್ತದೆ. ಅದರ ದಾರಿ ನೇರ ಕಿರಣದ ದಾರಿಯ 1.49/1.40 ಪಟ್ಟು, ಅಂದರೆ 50 ಮೀಟರ್ ಫೈಬರ್‌ನಲ್ಲಿ 53.2 ಮೀಟರ್ ನಡೆಯಬೇಕು. ಅಷ್ಟರಲ್ಲಿ ಸುಮಾರು 18 ಸಾವಿರ ಸಲ ಗೋಡೆಗೆ ಬಡಿದಿರುತ್ತದೆ. ಹೆಚ್ಚಿನ 3.2 ಮೀಟರ್‌ಗೆ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್‌ನಂತೆ 16 ನ್ಯಾನೋಸೆಕೆಂಡ್ ತಡ. ಸೂತ್ರವಾಗಿ ಬರೆದರೆ:

```
Δt = (L · n1 / c) · (n1/n2 − 1)
   = (50 × 1.49 / 3e8) × (1.49/1.40 − 1)
   ≈ 16 ns
```

100 ಮೆಗಾಬಿಟ್‌ನಲ್ಲಿ ಒಂದು ಬಿಟ್‌ಗೆ ಸಿಗುವುದು 10 ನ್ಯಾನೋಸೆಕೆಂಡ್ ಮಾತ್ರ. 10 ಮೆಗಾಬಿಟ್‌ನಲ್ಲಿ 100 ನ್ಯಾನೋಸೆಕೆಂಡ್ ಇತ್ತು, ಆಗ ಈ 16 ಲೆಕ್ಕಕ್ಕೇ ಬಂದಿರಲಿಲ್ಲ. ಸೂತ್ರದಲ್ಲಿ ಕೋರ್‌ನ ದಪ್ಪ ಎಲ್ಲೂ ಇಲ್ಲ ಅನ್ನುವುದನ್ನು ಗಮನಿಸಿ. ದಪ್ಪ ಕೋರ್ ಆದ್ದರಿಂದ ಪಲ್ಸ್ ಹರಡುತ್ತದೆ ಅಂತ ನಾನೂ ತುಂಬಾ ದಿನ ಅಂದುಕೊಂಡಿದ್ದೆ. ಕೋರ್ ತೆಳ್ಳಗಾದರೆ ಕಿರಣ ಹೆಚ್ಚು ಸಲ ಬಡಿಯುತ್ತದೆ ಅಷ್ಟೆ, ಒಟ್ಟು ದಾರಿ ಅಷ್ಟೇ ಇರುತ್ತದೆ. ಹರಡುವಿಕೆಯನ್ನು ನಿರ್ಧರಿಸುವುದು ಕೋನ.

ಲೆಕ್ಕ ಸರಿ, ಆದರೆ ನನ್ನ ಫೈಬರ್‌ನಲ್ಲಿ ನಿಜವಾಗಿ ಎಷ್ಟು ಅಂತ ಅಳೆಯಬೇಕಿತ್ತು. ಎಲ್‌ಇಡಿಗೆ ಚಿಕ್ಕ ಪಲ್ಸ್ ಕೊಟ್ಟು, ಮೊದಲು 1 ಮೀಟರ್ ತುಂಡಿನಲ್ಲಿ ಅರ್ಧ ಎತ್ತರದ ಅಗಲ ನೋಡಿದೆ: 5 ನ್ಯಾನೋಸೆಕೆಂಡ್. ಇದು ಫೈಬರ್‌ನದ್ದಲ್ಲ, ಎಲ್‌ಇಡಿ, ರಿಸೀವರ್, ಸ್ಕೋಪ್ ಮೂರೂ ಸೇರಿ ಕೊಡುವ ಅಗಲ. ಈ ಅಳತೆ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ, ಯಾಕಂದ್ರೆ ಸ್ಕೋಪ್ ನಿಧಾನವಾಗಿದ್ದರೆ ಅದರ ತಪ್ಪನ್ನೂ ಫೈಬರ್ ತಲೆಗೇ ಕಟ್ಟುತ್ತೀರಿ. ಆಮೇಲೆ 50 ಮೀಟರ್ ಹಾಕಿದಾಗ 11 ಬಂತು. ಇವನ್ನು ಸುಮ್ನೆ ಕಳೆಯುವಂತಿಲ್ಲ, ವರ್ಗಗಳನ್ನು ಕಳೆದು ವರ್ಗಮೂಲ ತೆಗೆಯಬೇಕು: 121ರಲ್ಲಿ 25 ಹೋದರೆ 96, ಅದರ ವರ್ಗಮೂಲ 9.8. ಪಲ್ಸ್‌ಗಳು ಗಂಟೆಯಾಕಾರದಲ್ಲಿ ಇದ್ದರೆ ಈ ಲೆಕ್ಕ ಚೆನ್ನಾಗಿ ಕೂರುತ್ತದೆ, ಬೇರೆ ಆಕಾರಕ್ಕೆ ಅಂದಾಜು ಮಾತ್ರ.

16 ಎಲ್ಲಿ, 9.8 ಎಲ್ಲಿ? 16 ಅನ್ನುವುದು ಮೊದಲ ಕಿರಣದಿಂದ ಕಟ್ಟಕಡೆಯ ಕಿರಣದವರೆಗಿನ ಪೂರ್ತಿ ಅಂತರ, ನಾನು ಅಳೆದದ್ದು ಅರ್ಧ ಎತ್ತರದಲ್ಲಿ. ಜೊತೆಗೆ ಅತಿ ಓರೆ ಕಿರಣಗಳು ಅಷ್ಟೊಂದು ಸಲ ಬಡಿದು, ಉದ್ದದ ದಾರಿ ನಡೆದು ಬಹಳ ಸೊರಗಿಹೋಗಿರುತ್ತವೆ, ಪಲ್ಸ್‌ನ ಬಾಲ ಅದರಿಂದ ಸ್ವಲ್ಪ ಕಿರಿದಾಗುತ್ತದೆ. ನಾನು ಬಳಸುವ ಅಳತೆಗೋಲು ಹೀಗೆ: ಒಟ್ಟು ಅಗಲ ಬಿಟ್ ಅವಧಿಯ 70 ಶೇಕಡಾ ಒಳಗಿರಬೇಕು. 11 ನ್ಯಾನೋಸೆಕೆಂಡ್‌ಗೆ ಇದು ಸುಮಾರು 63 ಮೆಗಾಬಿಟ್. ಕ್ಲಾಕ್ ಇಳಿಸುತ್ತಾ ನೋಡಿದರೆ 60ರಲ್ಲಿ ಲಿಂಕ್ ಗಟ್ಟಿಯಾಗಿ ನಿಂತಿತು, 75ರಲ್ಲಿ ತಪ್ಪುಗಳು ಬರುತ್ತಿದ್ದವು.

ಹಾಗಾದರೆ ಓರೆ ಕಿರಣಗಳನ್ನು ಒಳಗೆ ಬಿಡದೇ ಇದ್ದರೆ? ಅದಕ್ಕೂ ಮುಂಚೆ ಕೋನದ ಆಟವನ್ನು ಕಣ್ಣಾರೆ ನೋಡಬೇಕು ಅನಿಸಿತು. ಕೆಂಪು ಲೇಸರ್ ಡಯೋಡ್‌ಗೆ ಲೆನ್ಸ್ ಹಾಕಿ ಕಿರಣವನ್ನು ಕಿರಿದಾಗಿಸಿ, 20 ಮೀಟರ್ ಫೈಬರ್‌ನ ತುದಿಯನ್ನು ಅದರ ಮುಂದೆ ತಿರುಗುವ ಸ್ಟ್ಯಾಂಡ್‌ನಲ್ಲಿ ಇಟ್ಟೆ. ಲೇಸರ್ ಆದ್ದರಿಂದ ಫೈಬರ್‌ನ ತುದಿಗೆ ಕಣ್ಣಿಟ್ಟು ನೋಡಬೇಡಿ, ಬಿಳಿ ಕಾಗದದ ಮೇಲೆ ಬೀಳಿಸಿ ನೋಡಿ. ನೇರ ಹೊಡೆದಾಗ ಸ್ಕೋಪ್‌ನಲ್ಲಿ ಪಲ್ಸ್ ಎಲ್ಲಿ ಕೂರುತ್ತದೆ ಅಂತ ಗುರುತು ಹಾಕಿಕೊಂಡು ತುದಿಯನ್ನು ನಿಧಾನವಾಗಿ ತಿರುಗಿಸಿದೆ. ಪಲ್ಸ್ ಬಲಕ್ಕೆ ಜಾರತೊಡಗಿತು. ಗಾಳಿಯಲ್ಲಿ 20 ಡಿಗ್ರಿ ತಿರುಗಿಸಿದಾಗ ಲೆಕ್ಕದ ಪ್ರಕಾರ 2.7 ನ್ಯಾನೋಸೆಕೆಂಡ್ ತಡವಾಗಬೇಕು, ನನಗೆ ಎರಡೂ ಕಾಲಿನ ಹತ್ತಿರ ಸಿಕ್ಕಿತು. ಇಷ್ಟು ವರ್ಷ ಸೂತ್ರದಲ್ಲಿ ಮಾತ್ರ ನೋಡಿದ್ದ ಪದವೊಂದು ಕೈ ತಿರುಗಿಸಿದ ಹಾಗೆಲ್ಲ ಪರದೆಯ ಮೇಲೆ ಸರಿದಾಡಿದ್ದು ನೋಡಿ ಬಹಳ ಖುಷಿಯಾಯಿತು.

ಕಾಗದದ ಮೇಲೆ ಬಿದ್ದ ಬೆಳಕು ಇನ್ನೊಂದು ವಿಷಯ ಹೇಳಿತು. ಓರೆಯಾಗಿ ಹೊಡೆದಾಗ 1 ಮೀಟರ್ ತುಂಡಿನ ಕೊನೆಯಲ್ಲಿ ಸ್ಪಷ್ಟವಾದ ಕೆಂಪು ಬಳೆ ಕಾಣುತ್ತದೆ, ನಡುವೆ ಕತ್ತಲು. ಒಳಗೆ ಹೋದ ಕೋನದಲ್ಲೇ ಹೊರಗೂ ಬಂದಿದೆ ಅಂತ ಅರ್ಥ. 20 ಮೀಟರ್‌ನಲ್ಲಿ ಬಳೆ ದಪ್ಪಗಾಗಿ ಅಂಚು ಮಸುಕಾಗಿತ್ತು. 50 ಮೀಟರ್‌ನಲ್ಲಿ ಬಳೆಯೇ ಇಲ್ಲ, ಇಡೀ ವೃತ್ತ ಬೆಳಕಿನಿಂದ ತುಂಬಿತ್ತು. ದಾರಿಯಲ್ಲಿ ಕೋರ್‌ನ ಸಣ್ಣಪುಟ್ಟ ಏರುಪೇರುಗಳು, ಬಾಗುಗಳು ಕಿರಣಗಳ ಕೋನವನ್ನು ಬದಲಿಸುತ್ತಾ ಹೋಗುತ್ತವೆ. ಅದಕ್ಕೇ ಕೋನದ ಪರೀಕ್ಷೆಯನ್ನು 50 ಬಿಟ್ಟು 20 ಮೀಟರ್‌ನಲ್ಲಿ ಮಾಡಿದ್ದು. ನೆಟ್ಟಗೆ ಕಳಿಸಿದ ಬೆಳಕು ಕೊನೆವರೆಗೂ ನೆಟ್ಟಗೆ ಇರುತ್ತದೆ ಅನ್ನುವ ಭರವಸೆಗೂ ಇಲ್ಲಿಗೇ ಕೊನೆ.

ಅದು ಅಳತೆಯಲ್ಲೂ ಕಂಡಿತು. ಎಲ್‌ಇಡಿ ಬದಲು ಅದೇ ಲೇಸರನ್ನು 10 ಡಿಗ್ರಿ ಒಳಗಿನ ಶಂಕುವಿನಲ್ಲಿ 50 ಮೀಟರ್ ಫೈಬರ್‌ಗೆ ಕೊಟ್ಟೆ. ಕೋನಗಳು ಹಾಗೇ ಉಳಿದಿದ್ದರೆ ಹರಡುವಿಕೆ 1.7 ನ್ಯಾನೋಸೆಕೆಂಡ್ ಇರಬೇಕಿತ್ತು. 1 ಮೀಟರ್‌ನಲ್ಲಿ ಅಗಲ 3, 50 ಮೀಟರ್‌ನಲ್ಲಿ 6, ಅಂದರೆ ಫೈಬರ್‌ನ ಪಾಲು 5.2. ಲೆಕ್ಕಕ್ಕಿಂತ ಮೂರು ಪಟ್ಟು, ಆದರೂ ಎಲ್‌ಇಡಿಯ 9.8ಕ್ಕೆ ಹೋಲಿಸಿದರೆ ಅರ್ಧ. ಒಟ್ಟು 6 ಅನ್ನುವುದು 7ರ ಒಳಗೆ ಬಂತಲ್ವಾ, 100 ಮೆಗಾಬಿಟ್ ಓಡಿತು.

ಓಡಿತು, ಮಾರನೇ ದಿನ ಮತ್ತೆ ತಪ್ಪುಗಳು. ಹುಡುಕಿದರೆ, ಲೇಸರ್‌ನಿಂದ ಒಂದು ಮೀಟರ್ ದೂರದಲ್ಲಿ ಫೈಬರನ್ನು ಒಂದು ಮೂಲೆಯಲ್ಲಿ 2 ಸೆಂಟಿಮೀಟರ್ ತ್ರಿಜ್ಯಕ್ಕೆ ಬಾಗಿಸಿ ಕಟ್ಟಿದ್ದರು. ಬೆಳಕು ಅಲ್ಪಸ್ವಲ್ಪ ಕಡಿಮೆಯಾಗಿತ್ತು ಅಷ್ಟೆ, ಪಲ್ಸ್ ಅಗಲ ಮಾತ್ರ 6ರಿಂದ 8ಕ್ಕೆ ಏರಿತ್ತು. ಆ ಬಾಗು ನೇರ ಕಿರಣಗಳನ್ನು ಓರೆ ಮಾಡಿ ಬಿಟ್ಟಿತ್ತು, ಆಮೇಲೆ ಅವು ಉಳಿದ 49 ಮೀಟರ್ ಪೂರ್ತಿ ಓರೆಯಾಗೇ ನಡೆದವು. ಅದೇ ಬಾಗನ್ನು ರಿಸೀವರ್ ಪಕ್ಕದಲ್ಲಿ ಮಾಡಿ ನೋಡಿದೆ: ಬೆಳಕು ಹೋಗುತ್ತದೆ, ಅಗಲ ಬದಲಾಗುವುದಿಲ್ಲ, ಯಾಕಂದ್ರೆ ಅಲ್ಲಿಂದ ಮುಂದೆ ತಡವಾಗಲು ದಾರಿಯೇ ಉಳಿದಿಲ್ಲ. ಹಾಗಾಗಿ ಈಗ ನಾನು ಕಳಿಸುವ ತುದಿಯ ಮೊದಲ ಕೆಲವು ಮೀಟರ್‌ಗಳನ್ನು ಆದಷ್ಟು ನೆಟ್ಟಗೆ ಎಳೆಸುತ್ತೇನೆ. ಅನಿವಾರ್ಯವಾದ ಬಾಗು ಇದ್ದರೆ ರಿಸೀವರ್ ಕಡೆಗೆ ತಳ್ಳುತ್ತೇನೆ.

ಆಮೇಲೆ ಇದೇ ಲಿಂಕನ್ನು 80 ಮೀಟರ್‌ಗೆ ಬೆಳೆಸಬೇಕು ಅಂದರು. ಬೆಳಕು ಸಾಕಾಗುತ್ತಿತ್ತು. ಅಳೆದರೆ ಒಟ್ಟು ಅಗಲ 8.5 ನ್ಯಾನೋಸೆಕೆಂಡ್, ಅಂದರೆ ಗರಿಷ್ಠ ಸುಮಾರು 82 ಮೆಗಾಬಿಟ್. 100 ಬೇಕೇ ಬೇಕು ಅಂದರೆ ಕೋರ್‌ನ ನಡುವಿನಿಂದ ಅಂಚಿಗೆ ವಕ್ರೀಭವನಾಂಕ ಮೆಲ್ಲಗೆ ಇಳಿಯುವ ಗ್ರೇಡೆಡ್ ಇಂಡೆಕ್ಸ್ ಫೈಬರ್ ಹಾಕಿ, ಅದರಲ್ಲಿ ದೂರದ ದಾರಿ ಹಿಡಿದ ಕಿರಣ ಅಂಚಿನ ಹತ್ತಿರ ಜೋರಾಗಿ ಓಡಿ ತಡವನ್ನು ಸರಿದೂಗಿಸಿಕೊಳ್ಳುತ್ತದೆ, ಈ ಫೈಬರ್‌ನಲ್ಲಿ ಆಗುವುದಿಲ್ಲ ಅಂತ ಅಳತೆ ತೋರಿಸಿ ಹೇಳಿದೆ. ಎಳೆದಿದ್ದ ಫೈಬರ್ ಬದಲಿಸಲು ಅವರಿಗೆ ಮನಸ್ಸಿರಲಿಲ್ಲ. ವೇಗವನ್ನು 75 ಮೆಗಾಬಿಟ್‌ಗೆ ಇಳಿಸಿದೆವು, ಲಿಂಕ್ ಈಗಲೂ ಅದೇ ವೇಗದಲ್ಲಿ ಓಡುತ್ತಿದೆ.