ಮಳಿಗೆ ಹುಡುಕುವ ಪುಟದಲ್ಲಿ ನಕ್ಷೆಯ ಖರ್ಚನ್ನು ಹಿಡಿತದಲ್ಲಿಡುವ ಬಗೆ

ಬೆಂಗಳೂರಿನಲ್ಲಿ ಹತ್ತಾರು ಮಳಿಗೆಗಳಿರುವವರು ಜಾಲತಾಣಕ್ಕೆ ಗೂಗಲ್ ನಕ್ಷೆಯನ್ನು ಅಳವಡಿಸುವಾಗ, ಗ್ರಾಹಕರು ಹುಡುಕಿದಾಗಲೆಲ್ಲ ಎಲ್ಲ ಮಳಿಗೆಗಳಿಗೂ ರಸ್ತೆಯ ದೂರವನ್ನು ಕೇಳಬೇಡಿ, ಏಕೆಂದರೆ ಅದರ ಶುಲ್ಕ ಒಂದೊಂದು ಮಳಿಗೆಗೂ ಪ್ರತ್ಯೇಕವಾಗಿ ಬೀಳುತ್ತದೆ. ಮಳಿಗೆಗಳ ಅಕ್ಷಾಂಶ, ರೇಖಾಂಶಗಳನ್ನು ನಿಮ್ಮಲ್ಲೇ ಇಟ್ಟುಕೊಂಡು, ನೇರ ದೂರವನ್ನು ಬ್ರೌಸರಿನಲ್ಲೇ ಲೆಕ್ಕ ಹಾಕಿ, ಹತ್ತಿರದ ಮೂರಕ್ಕೆ ಮಾತ್ರ ರಸ್ತೆಯ ದೂರವನ್ನು ಕೇಳಿ. ಈ ಎರಡನೆಯ ಹಂತವನ್ನು ಬಿಡುವಂತಿಲ್ಲ: ಮಲ್ಲೇಶ್ವರದ ಗ್ರಾಹಕರಿಗೆ ರಾಜಾಜಿನಗರದ ಮಳಿಗೆ ನಕ್ಷೆಯಲ್ಲಿ ಪಕ್ಕದಲ್ಲೇ ಕಂಡರೂ, ನಡುವೆ ರೈಲು ಹಳಿ ಇರುವುದರಿಂದ ದಾಟುವ ಜಾಗದವರೆಗೆ ಬಳಸಿಕೊಂಡು ಹೋಗಬೇಕಾಗುತ್ತದೆ.

ಪಿನ್ ಒತ್ತಿದವರಿಗೆ ದಾರಿ ತೋರಿಸಲು ಮಳಿಗೆಯ ಅಕ್ಷಾಂಶ, ರೇಖಾಂಶ ಸೇರಿಸಿದ ಈ ಕೊಂಡಿಯೇ ಸಾಕು. ಇದಕ್ಕೆ ಎಪಿಐ ಕೀ ಬೇಡ, ಶುಲ್ಕವೂ ಇಲ್ಲ.

```
https://www.google.com/maps/dir/?api=1&destination=12.93%2C77.58
```

ಬಜೆಟ್ ಎಚ್ಚರಿಕೆಯನ್ನು ನೆಚ್ಚಿ ಕೂರಬೇಡಿ. ಅದು ಇಮೇಲ್ ಕಳುಹಿಸುತ್ತದೆಯೇ ಹೊರತು ಬಳಕೆಯನ್ನು ನಿಲ್ಲಿಸುವುದಿಲ್ಲ. ನಿಜವಾದ ತಡೆ ಬೇಕಾದರೆ ಕ್ಲೌಡ್ ಕನ್ಸೋಲಿನ Quotas ಪುಟದಲ್ಲಿ ಪ್ರತಿ ಎಪಿಐಗೂ ದಿನದ ಮಿತಿಯನ್ನು ನೀವೇ ಇಳಿಸಬೇಕು. ಆ ದಿನ ಪೆಸಿಫಿಕ್ ಸಮಯದ ಮಧ್ಯರಾತ್ರಿಗೆ, ಅಂದರೆ ನಮ್ಮಲ್ಲಿ ಮಧ್ಯಾಹ್ನ 12:30 ಅಥವಾ 1:30ಕ್ಕೆ ಹೊಸದಾಗುವುದರಿಂದ, ಸಂಜೆ ಮಿತಿ ಮುಗಿದರೆ ಮರುದಿನ ಮಧ್ಯಾಹ್ನದವರೆಗೂ ಉತ್ತರ ಬರುವುದಿಲ್ಲ. ಆಗ ನೇರ ದೂರದ ಪಟ್ಟಿಯನ್ನಾದರೂ ತೋರಿಸುವಂತೆ ಪುಟವನ್ನು ಬರೆದಿಡಿ.