ಫ್ರೀ ರೆಸ್ಯೂಮ್ ಟೆಂಪ್ಲೇಟ್ ಬಿಚ್ಚಿ ನೋಡಿದಾಗ: ಕುಶಾಲನಗರದ ಡಿಟಿಪಿ ಅಂಗಡಿಯಿಂದ ನನ್ನ ಅನುಭವ

ಕುಶಾಲನಗರದಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ರೆಸಾರ್ಟು, ಹೋಂಸ್ಟೇ, ಕೂಡ್ಲೂರಿನ ಕಾಫಿ ಕ್ಯೂರಿಂಗ್ ಘಟಕಗಳು, ಸುತ್ತಲಿನ ಎಸ್ಟೇಟುಗಳು ಅಂತ ಕೆಲಸ ಹುಡುಕುವವರು ರೆಸ್ಯೂಮ್ ಹಿಡಿದು ಬರುತ್ತಲೇ ಇರುತ್ತಾರೆ. ಮೊದಲೆಲ್ಲ ಕೈಯಲ್ಲಿ ಬರೆದುಕೊಂಡು ಬಂದು ಟೈಪ್ ಮಾಡಿಸುತ್ತಿದ್ದರು. ಈಗ ಹೆಚ್ಚಿನವರು ನೆಟ್‌ನಲ್ಲಿ ಫ್ರೀಯಾಗಿ ಸಿಗುವ ಟೆಂಪ್ಲೇಟ್ ಇಳಿಸಿ, ಹೆಸರು, ನಂಬರ್ ತುಂಬಿಸಿ, ಫೈಲ್ ಸಮೇತ ಬರುತ್ತಾರೆ. "ಅಕ್ಕಾ, ಪ್ರಿಂಟ್ ಒಂದು ತೆಗೆದುಕೊಡಿ ಸಾಕು" ಅನ್ನುತ್ತಾರೆ. ಪ್ರಿಂಟ್ ಚೆನ್ನಾಗಿಯೇ ಬರುತ್ತದೆ. ತೊಂದರೆ ಇರುವುದು ಪ್ರಿಂಟ್‌ನಲ್ಲಿ ಕಾಣದ ಜಾಗದಲ್ಲಿ.

ಸಿದ್ದಾಪುರದ ಕಡೆಯ ಒಬ್ಬ ಹುಡುಗನ ಫೈಲ್ ಕಥೆ ಹೇಳುತ್ತೇನೆ. ಬಿ.ಕಾಂ. ಮುಗಿಸಿ, ಒಂದು ಕಾಫಿ ತೋಟದಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಕೈಕೆಳಗೆ ಕೆಲವು ವರ್ಷ ಕೆಲಸ ಮಾಡಿದ್ದ. ತೋಟಗಳಿರುವ ಒಂದು ಕಂಪನಿಯ ವೆಬ್‌ಸೈಟ್‌ನಲ್ಲಿ ಸೂಪರ್‌ವೈಸರ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ. ಅಲ್ಲಿ ರೆಸ್ಯೂಮ್ ಅಪ್‌ಲೋಡ್ ಮಾಡಿದರೆ ಅರ್ಜಿಯ ಖಾನೆಗಳು ತಾವೇ ತುಂಬಿಕೊಳ್ಳಬೇಕು. ಇವನದ್ದರಲ್ಲಿ ಹೆಸರಿನ ಖಾನೆ ಖಾಲಿ, ಫೋನ್ ನಂಬರ್ ಖಾಲಿ. ಹಿಂದೆ ಕೆಲಸ ಮಾಡಿದ ಸಂಸ್ಥೆ ಅನ್ನುವ ಕಡೆ ಅವನಿಗೆ ಬರುವ ಭಾಷೆಗಳ ಹೆಸರು ಕೂತಿತ್ತು. ವೆಬ್‌ಸೈಟೇ ಕೆಟ್ಟಿದೆ ಅಂದುಕೊಂಡು ನನ್ನ ಕಂಪ್ಯೂಟರ್‌ನಲ್ಲಿ ಮತ್ತೊಮ್ಮೆ ಹಾಕಿ ನೋಡೋಣ ಅಂತ ಬಂದಿದ್ದ.

ಫೈಲ್ ತೆರೆದರೆ ನೋಡಲು ಅಂದವಾಗಿತ್ತು. ಎಡಗಡೆ ಕಡು ನೀಲಿ ಪಟ್ಟಿ, ಅದರಲ್ಲಿ ದುಂಡಗಿನ ಫೋಟೋ, ಕೌಶಲಗಳಿಗೆ ಅರ್ಧ ತುಂಬಿದ ಗೆರೆಗಳು. ಬಲಗಡೆ ಓದು, ಅನುಭವ. ನಾನು ಮೊದಲು ವರ್ಡ್‌ನಲ್ಲಿ Review ಒಳಗಿನ Word Count ತೆರೆದೆ. ಅಲ್ಲಿ Include textboxes, footnotes and endnotes ಅಂತ ಒಂದು ಟಿಕ್ ಇರುತ್ತದೆ. ಟಿಕ್ ಇದ್ದಾಗ 300ಕ್ಕೂ ಜಾಸ್ತಿ ಪದ. ತೆಗೆದರೆ 90 ಚಿಲ್ಲರೆ. ಅಂದರೆ ಪುಟದಲ್ಲಿ ಕಾಣುವ ಬರಹದ ಹೆಚ್ಚುಕಡಿಮೆ ಮುಕ್ಕಾಲು ಪಾಲು ಫೈಲ್‌ನ ಮುಖ್ಯ ಬರಹದಲ್ಲಿ ಇಲ್ಲವೇ ಇಲ್ಲ. ಅದೆಲ್ಲ ಪುಟದ ಮೇಲೆ ತೇಲುವ ಟೆಕ್ಸ್ಟ್ ಬಾಕ್ಸ್‌ಗಳಲ್ಲಿತ್ತು. Alt+F10 ಒತ್ತಿದರೆ ಪಕ್ಕದಲ್ಲಿ Selection Pane ಬರುತ್ತದೆ. ಅದರಲ್ಲಿ ಬಾಕ್ಸ್, ಗೆರೆ, ಐಕಾನ್ ಎಲ್ಲದರ ಹೆಸರು ಉದ್ದಕ್ಕೆ ಸಾಲುಗಟ್ಟಿತ್ತು. ಹೆಸರು, ಫೋನ್ ನಂಬರ್ ಮಾತ್ರ ಅಲ್ಲಿಯೂ ಸಿಗಲಿಲ್ಲ. ಅವು ಪುಟದ ತಲೆಭಾಗದ ಹೆಡರ್ ಒಳಗಿದ್ದವು.

ಅರ್ಜಿ ಓದುವ ಸಾಫ್ಟ್‌ವೇರ್ ನಮ್ಮ ಹಾಗೆ ಪುಟವನ್ನು ಕಣ್ಣಿಂದ ನೋಡುವುದಿಲ್ಲ. ಫೈಲ್ ಒಳಗೆ ಅಕ್ಷರಗಳು ಯಾವ ಕ್ರಮದಲ್ಲಿವೆಯೋ ಆ ಕ್ರಮದಲ್ಲಿ ಎಳೆದುಕೊಳ್ಳುತ್ತದೆ. ಎಷ್ಟೋ ಸಾಫ್ಟ್‌ವೇರ್‌ಗಳು ಹೆಡರ್, ಫೂಟರ್ ಬಿಟ್ಟು ನಡುವಿನದ್ದನ್ನು ಮಾತ್ರ ಓದುತ್ತವೆ. ಟೆಕ್ಸ್ಟ್ ಬಾಕ್ಸ್‌ನಲ್ಲಿರುವುದನ್ನು ಕೆಲವು ಬಿಡುತ್ತವೆ, ಕೆಲವು ಬಾಕ್ಸ್‌ಗಳು ಫೈಲ್ ಒಳಗೆ ಕೂತ ಕ್ರಮದಲ್ಲಿ ಓದುತ್ತವೆ. ಟೆಂಪ್ಲೇಟ್ ಮಾಡಿದವರು ಭಾಷೆಗಳ ಬಾಕ್ಸನ್ನು ಅನುಭವದ ಬಾಕ್ಸ್ ಹಿಂದೆಯೇ ಇಟ್ಟಿದ್ದರೆ ಎರಡೂ ಅಂಟಿಕೊಳ್ಳುತ್ತವೆ. ಈ ಹುಡುಗನಿಗೆ ಆದದ್ದು ಅದೇ. ಅರ್ಧ ತುಂಬಿದ ಗೆರೆಗಳಂತೂ ಬರೀ ಚಿತ್ರ. ಅದರಲ್ಲಿ ಓದಲು ಏನೂ ಇಲ್ಲ.

ವರ್ಡ್ ಗೊತ್ತಿಲ್ಲದವರಿಗೆ ನಾನು ಹೇಳುವ ಪರೀಕ್ಷೆ ಇನ್ನೂ ಸುಲಭ. ಕಳಿಸಬೇಕಾದ ಪಿಡಿಎಫ್ ತೆರೆಯಿರಿ. Ctrl+A, Ctrl+C ಒತ್ತಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಸಾಫ್ಟ್‌ವೇರ್‌ಗೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ. ಹೆಸರು ಮೊದಲು ಬರುತ್ತದೆಯೇ, ಕೆಲಸದ ಪಕ್ಕದಲ್ಲಿ ಅದರದ್ದೇ ವರ್ಷ ಇದೆಯೇ, ಫೋನ್ ಐಕಾನ್ ಇದ್ದ ಕಡೆ ವಿಚಿತ್ರ ಚೌಕ ಬಂದಿದೆಯೇ ಅಂತ ನೋಡಿ. ಏನೂ ಪೇಸ್ಟ್ ಆಗದಿದ್ದರೆ ಅಕ್ಷರಗಳೆಲ್ಲ ಚಿತ್ರವಾಗಿಬಿಟ್ಟಿವೆ ಅಂತ ಅರ್ಥ. ಮೊಬೈಲ್ ಆ್ಯಪ್‌ಗಳಲ್ಲಿ ಮಾಡಿ ಫೋಟೋ ಥರ ಉಳಿಸಿದ ರೆಸ್ಯೂಮ್‌ಗಳಲ್ಲಿ ಇದು ಕಾಣುತ್ತದೆ.

ಆ ಟೆಂಪ್ಲೇಟನ್ನೇ ರಿಪೇರಿ ಮಾಡಲು ನಾನು ಹೋಗಲಿಲ್ಲ. ಒಂದು ಬಾಕ್ಸ್ ಜರುಗಿಸಿದರೆ ಇನ್ನೊಂದು ಎಲ್ಲೋ ಓಡುತ್ತದೆ. ಪುಟದ ಅಳತೆಯೂ ಸರಿ ಇರಲಿಲ್ಲ. ಇಂಥ ಟೆಂಪ್ಲೇಟುಗಳಲ್ಲಿ ಅನೇಕವು ಅಮೆರಿಕದ ಲೆಟರ್ ಅಳತೆಯವು, ಅಂದರೆ 21.59 ಸೆಂ.ಮೀ. ಅಗಲ, 27.94 ಸೆಂ.ಮೀ. ಉದ್ದ. ನಮ್ಮ ಅಂಗಡಿಗಳಲ್ಲಿರುವ ಎ4 ಕಾಗದ 21ಕ್ಕೆ 29.7. ಅಳತೆಯನ್ನು ಎ4ಗೆ ಬದಲಿಸಿದ ಕೂಡಲೇ ಆ ನೀಲಿ ಪಟ್ಟಿ ಪುಟದ ಬುಡ ಮುಟ್ಟದೆ ಮೇಲೆಯೇ ನಿಂತುಬಿಟ್ಟಿತು.

ಹಾಗಾಗಿ ಹೊಸ ಖಾಲಿ ಫೈಲ್ ತೆರೆದೆ. ಹಳೆಯ ಬರಹವನ್ನು ಬಾಕ್ಸ್ ಬಾಕ್ಸ್‌ನಿಂದ ಕಾಪಿ ಮಾಡಿ ಮೊದಲು ನೋಟ್‌ಪ್ಯಾಡ್‌ಗೆ, ಅಲ್ಲಿಂದ ವರ್ಡ್‌ಗೆ ತಂದೆ. ನೇರವಾಗಿ ತಂದರೆ ಹಳೆಯ ಫಾಂಟು, ಅಂತರ, ಕಣ್ಣಿಗೆ ಕಾಣದ ಕೋಷ್ಟಕ ಎಲ್ಲ ಅಂಟಿಕೊಂಡು ಬರುತ್ತವೆ. ನೋಟ್‌ಪ್ಯಾಡ್ ಬರೀ ಅಕ್ಷರ ಉಳಿಸುತ್ತದೆ. ಒಂದೇ ಕಾಲಂ, ಎ4, ಸುತ್ತ 2 ಸೆಂ.ಮೀ. ಮಾರ್ಜಿನ್. ಹೆಸರು ಮತ್ತು ನಂಬರ್ ಪುಟದ ಮೊದಲ ಎರಡು ಸಾಲು, ಹೆಡರ್‌ನಲ್ಲಿ ಅಲ್ಲ. ಶೀರ್ಷಿಕೆಗಳಿಗೆ ಸುಮ್ನೆ ದಪ್ಪ ಅಕ್ಷರ ಮಾಡದೆ Heading 1 ಕೊಟ್ಟೆ. ವರ್ಷಗಳು ಬಲತುದಿಗೆ ಸಾಲಾಗಿ ನಿಲ್ಲಬೇಕಾದರೆ ಸ್ಪೇಸ್ ಒತ್ತುತ್ತಾ ಹೋಗಬಾರದು. ಬಲಕ್ಕೆ ಒಂದು ಟ್ಯಾಬ್ ಸ್ಟಾಪ್ ಇಟ್ಟರೆ ಯಾವ ಕಂಪ್ಯೂಟರ್‌ನಲ್ಲೂ ಜರುಗುವುದಿಲ್ಲ. ಫಾಂಟ್ ಏರಿಯಲ್. ಟೆಂಪ್ಲೇಟ್‌ನಲ್ಲಿದ್ದ ಚಂದದ ಫಾಂಟ್ ನನ್ನ ಕಂಪ್ಯೂಟರ್‌ನಲ್ಲೇ ಇರಲಿಲ್ಲ. ಆಗ ವರ್ಡ್ ತನಗೆ ತೋಚಿದ ಬೇರೆ ಫಾಂಟ್ ಹಾಕುತ್ತದೆ, ಒಂದು ಪುಟದ್ದು ಎರಡು ಪುಟಕ್ಕೆ ಹರಿಯುತ್ತದೆ.

ಇಷ್ಟರಲ್ಲಿ ಫೈಲ್ ಸರಿಯಾಯಿತು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದರೊಳಗಿನ ಬರಹ. ಮೇಲೆ ಮೂರು ಸಾಲಿನ ಪರಿಚಯ: ಕಷ್ಟಪಟ್ಟು ದುಡಿಯುವವನು, ತಂಡದಲ್ಲಿ ಬೆರೆಯುವವನು, ಸವಾಲಿನ ಕೆಲಸ ಹುಡುಕುತ್ತಿರುವವನು. ಇದು ಅವನು ಬರೆದದ್ದಲ್ಲ, ಟೆಂಪ್ಲೇಟ್ ಜೊತೆಗೇ ಬಂದದ್ದು. ಕೆಳಗೆ ಲೀಡರ್‌ಶಿಪ್ 80 ಶೇಕಡಾ. ಯಾರು ಅಳೆದದ್ದು? ಅನುಭವಕ್ಕೆ ಉಳಿದದ್ದು ಕಿರಿದಾದ ಕಾಲಂನಲ್ಲಿ ಎರಡು ಸಾಲು. ಅದರಲ್ಲಿ 'ಅಸಿಸ್ಟೆಂಟ್, ಕಾಫಿ ಎಸ್ಟೇಟ್' ಅಂತ ಇತ್ತು, ಅಷ್ಟೇ.

ಎಲ್ಲರ ರೆಸ್ಯೂಮ್ ಒಂದೇ ಥರ ಕಾಣುವುದಕ್ಕೆ ನೀಲಿ ಪಟ್ಟಿ ಮಾತ್ರ ಕಾರಣ ಅಲ್ಲ. ಯಾವುದಕ್ಕೆ ಎಷ್ಟು ಜಾಗ ಅಂತ ಟೆಂಪ್ಲೇಟ್ ಮೊದಲೇ ಹಂಚಿಟ್ಟಿರುತ್ತದೆ. ಫೋಟೋ, ಗೆರೆ, ಹವ್ಯಾಸಗಳಿಗೆ ಪುಟದ ಮೂರನೇ ಒಂದು ಪಾಲು ಹೋಗುತ್ತದೆ. ಜನ ಆ ಜಾಗಕ್ಕೆ ಹೊಂದುವಂತೆ ತಮ್ಮ ಕೆಲಸವನ್ನೇ ಕತ್ತರಿಸುತ್ತಾರೆ. ಕತ್ತರಿಸಿ ಬಿಸಾಡುವುದು ಯಾವಾಗಲೂ ಬೇರೆಯವರಲ್ಲಿ ಇಲ್ಲದ ಭಾಗವನ್ನೇ. ಉಳಿಯುವುದು ಎಲ್ಲರಲ್ಲೂ ಇರುವ ಮಾತು.

ನಮ್ಮ ಅಂಗಡಿಗೆ ಬಿಲ್ ಬುಕ್ ಮಾಡಿಸಲು ಬರುವ ತೋಟದ ಮಾಲೀಕರೊಬ್ಬರು ಇದನ್ನೇ ಬೇರೆ ರೀತಿ ಹೇಳಿದ್ದರು. ರೈಟರ್ ಬೇಕು ಅಂತ ವಾಟ್ಸ್ಆ್ಯಪ್‌ನಲ್ಲಿ ಹಾಕಿದ್ದರಂತೆ. ಬಂದ ರೆಸ್ಯೂಮ್‌ಗಳನ್ನು ಫೋನ್‌ನಲ್ಲಿ ಸರಿಸಿ ತೋರಿಸುತ್ತಾ, "ನೋಡಿಮ್ಮಾ, ಎಲ್ಲರೂ ಕಷ್ಟಪಟ್ಟು ಕೆಲಸ ಮಾಡುವವರೇ. ಮಸ್ಟರ್ ರೋಲ್ ಬರೆಯೋಕೆ ಬರುತ್ತೆ ಅಂತ ಒಬ್ಬರೂ ಬರೆದಿಲ್ಲ. ಯಾರನ್ನ ಕರೆಯೋದು?" ಅಂದರು.

ಹಾಗಾಗಿ ಆ ಹುಡುಗನನ್ನು ಕೂರಿಸಿ ಕೇಳಿದೆ.

"ಬೆಳಗ್ಗೆ ತೋಟಕ್ಕೆ ಹೋದ ಕೂಡಲೇ ಏನು ಮಾಡ್ತಿದ್ದೆ?"

"ಹಾಜರಿ ಅಕ್ಕಾ. ಲೈನ್‌ಮನೆಯಿಂದ ಬಂದವರು ಬೇರೆ, ಹೊರಗಿಂದ ಜೀಪಲ್ಲಿ ಬರುವವರು ಬೇರೆ. ಇಬ್ಬರಿಗೂ ಬೇರೆ ಬೇರೆ ಪುಸ್ತಕ."

"ಕೊಯ್ಲಿನ ಟೈಮಲ್ಲಿ?"

"ಸಂಜೆ ಹಣ್ಣಿನ ತೂಕ. ಯಾರದ್ದು ಎಷ್ಟು ಕೆಜಿ ಅಂತ ಬರೆದು ವಾರದ ಬಟವಾಡೆ ಲೆಕ್ಕ ಹಾಕ್ತಿದ್ದೆ. ರೈಟರ್ ರಜಾ ಇದ್ದಾಗ ನಾನೇ ಪೂರ್ತಿ."

"ಇದನ್ನ ಯಾಕೆ ಬರೆದಿಲ್ಲ?"

"ಅದಕ್ಕೆ ಅಲ್ಲಿ ಜಾಗ ಇರಲಿಲ್ಲ ಅಕ್ಕಾ."

ಈಗ ಅದಕ್ಕೇ ಅರ್ಧ ಪುಟ ಕೊಟ್ಟೆವು. 80 ಎಕರೆ ರೊಬಸ್ಟಾ, ನಡುವೆ ಮೆಣಸಿನ ಬಳ್ಳಿ. ಕೊಯ್ಲಿನಲ್ಲಿ 50 ಜನರವರೆಗೆ ಹಾಜರಿ. ಕೆಜಿ ಲೆಕ್ಕದ ಕೂಲಿ, ವಾರದ ಬಟವಾಡೆ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿದ್ದು. ಹೂಮಳೆ ತಡವಾದಾಗ ಸ್ಪ್ರಿಂಕ್ಲರ್ ಪಾಳಿ, ಡೀಸೆಲ್ ಖರ್ಚಿನ ಲೆಕ್ಕ. ಕಣದಲ್ಲಿ ಒಣಗಿದ ಕಾಫಿಯ ಚೀಲ ಎಣಿಸಿ ಕ್ಯೂರಿಂಗ್‌ಗೆ ಕಳಿಸುವಾಗಿನ ರಿಜಿಸ್ಟರ್. ಒಂದೊಂದೂ ಒಂದೇ ಸಾಲು, ಇಂಗ್ಲಿಷ್‌ನಲ್ಲಿ, ಮೊದಲು ಕೆಲಸ ಆಮೇಲೆ ಸಂಖ್ಯೆ. ಪರಿಚಯದ ಮೂರು ಸಾಲು, ಹವ್ಯಾಸ, ಗೆರೆಗಳು ಹೋದವು. ಭಾಷೆಗಳನ್ನು ಕೊನೆಗೆ ಒಂದು ಸಾಲಿನಲ್ಲಿ ಇಟ್ಟೆವು. ಕೂಲಿಯವರ ಜೊತೆ ಮಾತಾಡಲು ಮಲಯಾಳಂ, ತಮಿಳು ಬರುವುದು ತೋಟದಲ್ಲಿ ನಿಜವಾದ ಕೌಶಲ. ಅದನ್ನು ಬಿಡಬಾರದು.

ಪಿಡಿಎಫ್ ಮಾಡಿ, ನೋಟ್‌ಪ್ಯಾಡ್ ಪರೀಕ್ಷೆ ಮತ್ತೆ ಮಾಡಿ, ಅಪ್‌ಲೋಡ್ ಮಾಡಿದೆವು. ಹೆಸರು, ನಂಬರ್, ಓದು, ಕೆಲಸ ಅವುಗಳ ಜಾಗದಲ್ಲೇ ಬಂದವು. ಒಂದು ಕೆಲಸದ ಕೊನೆಯ ತಿಂಗಳು ಮಾತ್ರ ತಪ್ಪಾಗಿ ಬಂತು, ಕೈಯಲ್ಲಿ ತಿದ್ದಿದೆವು. ಫೈಲ್ ಎಷ್ಟೇ ಸರಿ ಇದ್ದರೂ ಖಾನೆಗಳನ್ನು ಒಮ್ಮೆ ಓದಿಯೇ ಸಬ್ಮಿಟ್ ಒತ್ತಬೇಕು. ಒಂದೊಂದು ಪೋರ್ಟಲ್ ಒಂದೊಂದು ಥರ ಓದುತ್ತದೆ.

ಟೆಂಪ್ಲೇಟನ್ನೇ ಇಟ್ಟುಕೊಳ್ಳುತ್ತೇನೆ ಅನ್ನುವವರಿಗೆ ಎರಡು ಮಾತು. File ಒಳಗಿನ Info ತೆರೆದು Author ಅನ್ನುವ ಕಡೆ ಯಾರ ಹೆಸರಿದೆ ನೋಡಿ. ಅಲ್ಲಿ ಟೆಂಪ್ಲೇಟ್ ಮಾಡಿದವರ ಹೆಸರು ಉಳಿದಿರಬಹುದು, ಪಿಡಿಎಫ್‌ಗೂ ಹೋಗಬಹುದು. ಅಲ್ಲೇ Check for Issues ಒಳಗೆ Inspect Document ಇದೆ, ಅದರಿಂದ ತೆಗೆಯಬಹುದು. ಇನ್ನು ಇಳಿಸಿದ ಫೈಲ್‌ನ ಕೊನೆಯಲ್ಲಿ `.docm` ಇದ್ದರೆ ಅದರಲ್ಲಿ ಮ್ಯಾಕ್ರೋ ಇರಬಹುದು. ರೆಸ್ಯೂಮ್‌ಗೆ ಮ್ಯಾಕ್ರೋ ಬೇಕಿಲ್ಲ, ತೆರೆಯಲೇಬೇಡಿ. ಕೈಗೆ ಕೊಡುವ ಪ್ರಿಂಟ್ ಆದರೆ ಕಾಲಂ, ಬಾಕ್ಸ್ ಯಾವುದೂ ಅಡ್ಡಿಯಲ್ಲ. ಹೋಂಸ್ಟೇ ಮಾಲೀಕರ ಮನೆಗೇ ಹೋಗಿ ಕೊಡುವವರು ಬಣ್ಣದ್ದನ್ನೇ ಕೊಡಲಿ. ಒಳಗಿನ ಬರಹ ತಮ್ಮದಾಗಿದ್ದರೆ ಸಾಕು.

ಕನ್ನಡದಲ್ಲಿ ರೆಸ್ಯೂಮ್ ಬೇಕು ಅನ್ನುವವರೂ ಬರುತ್ತಾರೆ. ಅವರ ಹಳೆಯ ಫೈಲ್‌ಗಳು ಹೆಚ್ಚಾಗಿ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿರುತ್ತವೆ. ಅದನ್ನು ಇಂಗ್ಲಿಷ್ ಟೆಂಪ್ಲೇಟ್‌ಗೆ ತುಂಬಿಸಿದರೆ ಟೆಂಪ್ಲೇಟ್ ತನ್ನ ಫಾಂಟ್ ಹೇರುತ್ತದೆ. ಆಗ 'ಕನ್ನಡ' ಅನ್ನುವ ಪದ `PÀ£ÀßqÀ` ಆಗುತ್ತದೆ. ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿದರೂ ಹೀಗೇ ಕಾಣುತ್ತದೆ, ಎದುರಿನವರ ಫೋನ್‌ನಲ್ಲೂ ಹೀಗೇ ಕಾಣಬಹುದು. ಇಂಥದ್ದು ಬಂದರೆ ನಾನು ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ಬದಲಿಸಿ, ಪಕ್ಕದಲ್ಲಿ ಹಳೆಯ ಪ್ರಿಂಟ್ ಇಟ್ಟುಕೊಂಡು ಅರ್ಕಾವತ್ತು, ಒತ್ತಕ್ಷರ ಎಲ್ಲಿ ಜಾರಿವೆ ಅಂತ ಸಾಲು ಸಾಲಾಗಿ ಓದುತ್ತೇನೆ. ಊರಿನ ಹೆಸರು, ಮನೆತನದ ಹೆಸರುಗಳನ್ನು ಅವರ ಕೈಯಲ್ಲೇ ಓದಿಸುತ್ತೇನೆ.